ಬೆಳಗ್ಗೆ 8ಕ್ಕೇ ತೆರೆಯಬೇಕಾ, ರಾತ್ರಿ 9ರವರೆಗೂ ಇರಬೇಕಾ? ಗಂಟೆಗಂಟೆಯ ವ್ಯಾಪಾರ ಇಟ್ಟುಕೊಂಡು ಕೇಳುತ್ತಿದ್ದೇನೆ

ಕಾಳುಮೆಣಸು

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ರಾಜಾಸೀಟ್ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಕಾಫಿ ಪುಡಿ, ಕಾಳುಮೆಣಸು, ಜೇನು, ಕಾಚಂಪುಳಿ, ಹೋಂಮೇಡ್ ಚಾಕೊಲೇಟ್ ಮುಖ್ಯ. ಅಕ್ಕಪಕ್ಕದ ಮನೆಯವರಿಗೆ ಬೇಕು ಅಂತ ಹಾಲು, ಬ್ರೆಡ್, ಬಿಸ್ಕತ್ತು ಕೂಡ ಇಟ್ಟಿದ್ದೇನೆ. ಬೆಳಗ್ಗೆ 8ರಿಂದ ರಾತ್ರಿ 9ರವರೆಗೆ ತೆರೆದಿರುತ್ತದೆ.

ಇಬ್ಬರು ಹುಡುಗಿಯರು ಕೆಲಸಕ್ಕೆ ಇದ್ದಾರೆ. ಒಬ್ಬಳದ್ದು 8ರಿಂದ 5, ಇನ್ನೊಬ್ಬಳದ್ದು 12ರಿಂದ 9. ಇಬ್ಬರಿಗೂ ನಡುವೆ ಒಂದು ಗಂಟೆ ಊಟದ ಬಿಡುವು. ತಿಂಗಳಿಗೆ ತಲಾ 15,600 ರೂಪಾಯಿ. ನಾನು 10 ಗಂಟೆ ಹೊತ್ತಿಗೆ ಬಂದು ಬಾಗಿಲು ಹಾಕುವವರೆಗೂ ಇರುತ್ತೇನೆ.

ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬಿಲ್ಲಿಗೂ ಸಮಯ ಬೀಳುತ್ತದೆ. ಫೆಬ್ರವರಿ, ಮಾರ್ಚ್‌ನ ಸೋಮವಾರದಿಂದ ಗುರುವಾರದವರೆಗಿನ ಬಿಲ್ಲುಗಳನ್ನು ತೆಗೆದು ಗಂಟೆವಾರು ಸರಾಸರಿ ನೋಡಿದೆ. ಬೆಳಗ್ಗೆ 8ರಿಂದ 9ಕ್ಕೆ 900 ರೂಪಾಯಿ. ಆಮೇಲೆ ನಿಧಾನಕ್ಕೆ ಏರಿ 11ರಿಂದ 12ಕ್ಕೆ 2,600 ಆಗುತ್ತದೆ. ಊಟದ ಹೊತ್ತಿಗೆ ಬಿದ್ದುಬಿಡುತ್ತದೆ, 2ರಿಂದ 3ಕ್ಕೆ ಬರೀ 900. ಸಂಜೆ 5ರಿಂದ 6ಕ್ಕೆ 3,600, 6ರಿಂದ 7ಕ್ಕೆ 4,200. ಸೂರ್ಯಾಸ್ತ ನೋಡಿ ವಾಪಸ್ ಬರುವ ಜನ ಆಗಲೇ ಸಿಗುವುದು. 8ರಿಂದ 9ಕ್ಕೆ 1,300.

ಬೆಳಗಿನ ಒಂದು ಗಂಟೆ, ರಾತ್ರಿಯ ಒಂದು ಗಂಟೆ, ಇವೆರಡರಲ್ಲಿ ಯಾವುದನ್ನು ಬಿಡಲಿ? ಅಥವಾ ಎರಡನ್ನೂ ಬಿಡಬಹುದಾ? ನೋಡಿದರೆ ಎರಡರಲ್ಲೂ ಸಂಬಳಕ್ಕಿಂತ ಜಾಸ್ತಿಯೇ ವ್ಯಾಪಾರ ಇದೆ.

ಸಂತೆಬೀದಿ

ಬಾಡಿಗೆ ಎಷ್ಟು ಅಂತ ಹೇಳಲಿಲ್ಲ. ಅದನ್ನು ಸೇರಿಸದೆ ಲೆಕ್ಕ ಹಾಕಿದರೆ ತಪ್ಪು. ಉದಾಹರಣೆಗೆ ತಿಂಗಳಿಗೆ 18,000 ಬಾಡಿಗೆ ಅಂತ ಇಟ್ಟುಕೊಳ್ಳಿ. 26 ದಿನ, ದಿನಕ್ಕೆ 13 ಗಂಟೆ ಅಂದರೆ ಗಂಟೆಗೆ 53 ರೂಪಾಯಿ ಬೀಳುತ್ತದೆ. ಸಂಬಳ, ಕರೆಂಟು, ಬಾಡಿಗೆ ಮೂರನ್ನೂ ಕೂಡಿಸಿ, ಅಷ್ಟು ದುಡಿಯದ ಗಂಟೆಯನ್ನು ಮುಚ್ಚಿಬಿಡಿ. ಇನ್ನೊಂದು ಮಾತು. ವ್ಯಾಪಾರದ ಮೊತ್ತ ನೋಡಬೇಡಿ, ಲಾಭ ನೋಡಿ. 900 ರೂಪಾಯಿ ಮಾರಿದರೆ 900 ಕೈಗೆ ಬರುವುದಿಲ್ಲ.

ಬೇಕರಿಅಕ್ಕ

ನಮ್ಮದು ಕುಶಾಲನಗರದಲ್ಲಿ, ಬಸ್ ಸ್ಟ್ಯಾಂಡಿಗೆ ಹತ್ತಿರ. ನಮಗೆ ಬೆಳಗ್ಗೆ 6ರಿಂದ 8 ಬಿಟ್ಟರೆ ಬದುಕೇ ಇಲ್ಲ. ಮೊದಲ ಬಸ್ಸಿನ ಜನ ಬನ್ನು, ಟೀ, ಪಫ್ಸ್ ಅಂತ ಬರುತ್ತಾರೆ. ನಾನಾಗಿದ್ದರೆ ಬೆಳಗ್ಗೆ ಇನ್ನೂ ಬೇಗ ತೆಗೆಯುತ್ತಿದ್ದೆ. ಬೆಳಗ್ಗೆ ಬಾಗಿಲು ತೆಗೆದಿರುವ ಅಂಗಡಿಯನ್ನು ಜನ ಮರೆಯುವುದಿಲ್ಲ.

ನಾವು ಮಧ್ಯಾಹ್ನ 2ರಿಂದ 4 ಮುಚ್ಚುತ್ತೇವೆ. ಶುರುವಿನಲ್ಲಿ ಗಿರಾಕಿ ಹೋಗುತ್ತಾರೆ ಅಂತ ಭಯ ಇತ್ತು. ಆದರೆ 3 ಗಂಟೆಗೆ ಬರುತ್ತಿದ್ದ ಅಕ್ಕಪಕ್ಕದವರು 4 ಗಂಟೆಗೆ ಬಂದರು, ಅಷ್ಟೇ. ನಿಮ್ಮ 2ರಿಂದ 3 ಕೂಡ ಸತ್ತ ಹೊತ್ತು ಅಲ್ವಾ? ಅದನ್ನು ಯಾಕೆ ಕೇಳಲಿಲ್ಲ?

ಲೆಕ್ಕದಪುಸ್ತಕ

ನಾನು ಗೋಣಿಕೊಪ್ಪದಲ್ಲಿ ಕೆಲವು ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಈ ಪ್ರಶ್ನೆ ಆಗಾಗ ನನ್ನ ಮುಂದೆ ಬರುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸಂತೆಬೀದಿಯವರು ಲಾಭ ನೋಡಿ ಅಂದದ್ದು ಸರಿ. ಬಾಡಿಗೆ ವಿಷಯ ಒಪ್ಪುವುದಿಲ್ಲ. ರಾತ್ರಿ 8ಕ್ಕೆ ಶಟರ್ ಎಳೆದರೆ ಮಾಲೀಕರು ಬಾಡಿಗೆಯಲ್ಲಿ ಒಂದು ಗಂಟೆಯದ್ದು ಕಡಿಮೆ ಮಾಡುತ್ತಾರಾ? ಇಲ್ಲ. ಅಂಗಡಿಯೇ ಬೇಕಾ ಬೇಡವಾ ಅಂತ ಕೇಳುವಾಗ ಬಾಡಿಗೆ ಲೆಕ್ಕಕ್ಕೆ ಬರಬೇಕು. ಈ ಒಂದು ಗಂಟೆ ಬೇಕಾ ಅಂತ ಕೇಳುವಾಗ, ಆ ಗಂಟೆ ಮುಚ್ಚಿದರೆ ಉಳಿಯುವ ದುಡ್ಡು ಮಾತ್ರ ಬರಬೇಕು. ಫ್ರಿಜ್ ಕೂಡ ಹಾಗೇ, ಅದು ರಾತ್ರಿಯಿಡೀ ಓಡುತ್ತದೆ. ಉಳಿಯುವುದು ದೀಪ ಮತ್ತು ಬೋರ್ಡಿನ ಕರೆಂಟು ಮಾತ್ರ.

ಈಗ ಸಂಬಳ. 15,600ನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ಕೆಲಸ ಮಾಡುವ 8 ಗಂಟೆಗೆ ಭಾಗಿಸಿದರೆ 75. ಟೀ, ತಿಂಡಿ, ಹಬ್ಬದ ಬೋನಸ್ ಸೇರಿಸಿ 85 ಅಂತ ಇಟ್ಟುಕೊಳ್ಳೋಣ. ದೀಪಕ್ಕೆ 15. ಅಂದರೆ ಒಬ್ಬರೇ ಇರುವ ಒಂದು ಗಂಟೆಗೆ 100 ರೂಪಾಯಿ.

ನೂರಕ್ಕೆ 25 ಲಾಭ ಇರುವ ಮಾಲಾದರೆ ಆ ಗಂಟೆಯಲ್ಲಿ 400 ರೂಪಾಯಿ ವ್ಯಾಪಾರ ಸಾಕು. ಹಾಲಿನಂಥ ಕಡಿಮೆ ಕಮಿಷನ್ ಮಾಲಾದರೆ, ನೂರಕ್ಕೆ 5 ಅಂತ ಹಿಡಿದರೂ, 2,000 ರೂಪಾಯಿ ಮಾರಬೇಕು. ಹಾಗಾಗಿ ನನ್ನ ಮೊದಲ ಪ್ರಶ್ನೆ: ಆ 900 ಯಾವುದರಿಂದ ಬಂತು, 1,300 ಯಾವುದರಿಂದ ಬಂತು?

ಎರಡನೆಯದು, ಸರಾಸರಿ ಒಂದನ್ನೇ ನಂಬಬೇಡಿ. ಒಂದು ರಾತ್ರಿ ಟೆಂಪೋ ಟ್ರಾವೆಲರ್‌ನಲ್ಲಿ ಬಂದವರು ಐದಾರು ಸಾವಿರದ ಚಾಕೊಲೇಟ್ ಕೊಂಡರೆ ಇಡೀ ತಿಂಗಳ 8ರಿಂದ 9ರ ಸರಾಸರಿ ಚೆನ್ನಾಗಿ ಕಾಣುತ್ತದೆ. ಆ ಗಂಟೆಯ ಎಲ್ಲ ದಿನಗಳ ಮೊತ್ತವನ್ನು ಸಣ್ಣದರಿಂದ ದೊಡ್ಡದಕ್ಕೆ ಬರೆದು, ಸರಿಯಾಗಿ ನಡುವೆ ಬರುವ ದಿನ ಎಷ್ಟು ಅಂತ ನೋಡಿ.

ಮೂರನೆಯದು, ಕರೆಂಟು ಹೋದಾಗ ಏನು ಮಾಡುತ್ತೀರಿ? ಕೈಯಲ್ಲಿ ಬಿಲ್ಲು ಬರೆದು, ಬಂದಮೇಲೆ ಸಿಸ್ಟಮ್‌ಗೆ ಹಾಕುವುದಾದರೆ ಆ ಬಿಲ್ಲುಗಳೆಲ್ಲ ತಪ್ಪು ಗಂಟೆಗೆ ಬೀಳುತ್ತವೆ. ಇದನ್ನು ಪತ್ತೆ ಹಚ್ಚುವುದು ಸುಲಭ. ನಾಲ್ಕೈದು ನಿಮಿಷದೊಳಗೆ ಹತ್ತು ಹದಿನೈದು ಬಿಲ್ಲು, ಎಲ್ಲವೂ ನಗದು ಅಂತ ಕಂಡರೆ ಅದು ಗಿರಾಕಿಗಳ ಸಾಲಲ್ಲ, ಕೂತು ಎಂಟ್ರಿ ಮಾಡಿದ್ದು. ಯುಪಿಐ ದುಡ್ಡಿನ ಸಮಯ ಫೋನಿನಲ್ಲೇ ಇರುತ್ತದೆ, ಅದರ ಜೊತೆ ಹೋಲಿಸಿ ನೋಡಿ.

ಏಲಕ್ಕಿ

ರಾತ್ರಿ 9ರವರೆಗೆ ತೆರೆಯಲು ಪರವಾನಗಿ ಬೇಕಾ ಅಂತ ಕೇಳುತ್ತಿದ್ದೀರಾ? ನಮ್ಮ ರಾಜ್ಯದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ, 1961ರದ್ದು. ಕೆಲಸದವರಿಗೆ ವಾರದ ರಜೆ ಕೊಡಲೇಬೇಕು. ಓವರ್‌ಟೈಮ್ ಮಾಡಿಸಿದರೆ ದುಪ್ಪಟ್ಟು ದರ ಕೊಡಬೇಕು. ಕಾರ್ಮಿಕ ಇಲಾಖೆಯಲ್ಲಿ ಒಮ್ಮೆ ವಿಚಾರಿಸಿ.

ಕಾಳುಮೆಣಸು

ಏಲಕ್ಕಿ ಅವರೇ, ಪರವಾನಗಿ ಪ್ರಶ್ನೆ ಅಲ್ಲ. ಆದರೆ ಓವರ್‌ಟೈಮ್ ಮಾತು ಒಳ್ಳೆಯದಾಯಿತು. ಒಂದು ಗಂಟೆ ಜಾಸ್ತಿ ಇರು ಅಂದರೆ ನನಗೆ 85 ಅಲ್ಲ, 150ರ ಮೇಲೆ ಬೀಳುತ್ತದೆ ಅಂತ ಆಯಿತು.

ಲೆಕ್ಕದಪುಸ್ತಕ ಸರ್, ನೀವು ಹೇಳಿದ್ದನ್ನು ಕೂತು ನೋಡಿದೆ. ಬೆಳಗಿನ 900ರಲ್ಲಿ ಸುಮಾರು 700 ಹಾಲು, ಬ್ರೆಡ್ಡಿನದ್ದೇ. ಉಳಿದ 200 ಬಿಸ್ಕತ್ತು, ಸಕ್ಕರೆ, ಆಗೊಮ್ಮೆ ಈಗೊಮ್ಮೆ ಕಾಫಿ ಪುಡಿ. ಲಾಭ ಅಂತ ಕೈಗೆ ಬರುವುದು 80 ರೂಪಾಯಿ ಆಸುಪಾಸು.

ರಾತ್ರಿಯದ್ದು ಬೇರೆ ಥರ. ಅದು ಬಹುತೇಕ ಚಾಕೊಲೇಟ್, ಮೆಣಸು, ಜೇನು. ಒಟ್ಟಾರೆ ನೂರಕ್ಕೆ 27 ಸಿಗುತ್ತದೆ. ಆದರೆ ನೀವು ಹೇಳಿದ ಹಾಗೆ ಸಂಜೆ ಕರೆಂಟು ಹೋದ ದಿನಗಳ ಬಿಲ್ಲುಗಳು 8ರ ಮೇಲೆ ಒಟ್ಟಿಗೆ ಬಿದ್ದಿವೆ. ಒಂದು ದಿನ 8:20ರಿಂದ 8:27ರ ಒಳಗೆ ಹದಿನಾಲ್ಕು ಬಿಲ್ಲು! ಅವನ್ನು ತೆಗೆದು, ನಡುವಿನ ದಿನ ನೋಡಿದರೆ 1,300 ಅಲ್ಲ, 800. ಅಂದರೆ ಲಾಭ 215 ರೂಪಾಯಿ.

ಇನ್ನೊಂದು ಖರ್ಚು ಬರೆದಿರಲಿಲ್ಲ. ಎರಡನೇ ಹುಡುಗಿಯ ಮನೆ ಪೇಟೆಯಿಂದ ಆಚೆ. 9ಕ್ಕೆ ಬಾಗಿಲು ಹಾಕಿದರೆ ಅವಳಿಗೆ ಬಸ್ಸು ಸಿಗುವುದಿಲ್ಲ, ಆಟೋಗೆ 150 ನಾನೇ ಕೊಡುತ್ತೇನೆ. 8ಕ್ಕೆ ಬಿಟ್ಟರೆ ಬಸ್ಸು ಇದೆ.

ಈಗ ಕೂಡಿಸಿದರೆ ರಾತ್ರಿಯ ಗಂಟೆಗೆ 100 ಮತ್ತು ಆಟೋ 150, ಒಟ್ಟು 250 ಖರ್ಚು. ಬರುವುದು 215. ಅಂದರೆ 35 ರೂಪಾಯಿ ನಷ್ಟ. ಬೆಳಗ್ಗೆ 100 ಖರ್ಚು, 80 ಆದಾಯ. ಎರಡನ್ನೂ ಮುಚ್ಚಬೇಕು ಅಂತಾಯಿತು ಅಲ್ವಾ?

ಲೆಕ್ಕದಪುಸ್ತಕ

ಸ್ವಲ್ಪ ತಾಳಿ. ಸಂಬಳ ತಿಂಗಳದ್ದು. 8ಕ್ಕೆ ಮುಚ್ಚಿದರೆ ಅವಳ ಸಂಬಳ ಕಡಿಮೆ ಮಾಡುತ್ತೀರಾ? ಮಾಡುವುದಿಲ್ಲ, ಮಾಡಲೂಬಾರದು. ಹಾಗಾದರೆ ನಿಜವಾಗಿ ಉಳಿಯುವುದು ಆಟೋದ 150 ಮತ್ತು ದೀಪದ 15, ಒಟ್ಟು 165. ಹೋಗುವುದು 215. ಸುಮ್ನೆ ಮುಚ್ಚಿದರೆ ದಿನಕ್ಕೆ 50 ರೂಪಾಯಿ ಕಳೆದುಕೊಳ್ಳುತ್ತೀರಿ. ಬೆಳಗ್ಗೆ ಸುಮ್ನೆ ಮುಚ್ಚಿದರೂ ಅಷ್ಟೇ, ದೀಪದ 15 ಉಳಿಸಲು 80 ಬಿಟ್ಟಂತೆ.

ಆ ಸಂಬಳದ ಗಂಟೆಯನ್ನು ಇನ್ನೊಂದು ಕಡೆ ಹಾಕಿ, ಅಲ್ಲಿ ಜಾಸ್ತಿ ದುಡಿಸಿದರೆ ಮಾತ್ರ ಮುಚ್ಚಿದ್ದಕ್ಕೆ ಅರ್ಥ. ನಿಮ್ಮ ಪಾಳಿ ನೋಡಿ. ಇಬ್ಬರೂ ಒಟ್ಟಿಗೆ ಇರುವುದು 12ರಿಂದ 5. ಅದರ ನಡುವೆಯೇ ನಿಮ್ಮ ಅತಿ ಕಡಿಮೆ ವ್ಯಾಪಾರದ ಹೊತ್ತು ಇದೆ. 5 ಗಂಟೆಗೆ ಸರಿಯಾಗಿ ಜನ ಬರುತ್ತಾರೆ, 5 ಗಂಟೆಗೆ ಸರಿಯಾಗಿ ಒಬ್ಬಳು ಮನೆಗೆ ಹೋಗುತ್ತಾಳೆ. 5ರಿಂದ 7ಕ್ಕೆ ನೀವು ಮತ್ತು ಒಬ್ಬಳೇ ಹುಡುಗಿ.

6ರಿಂದ 7ಕ್ಕೆ ಎಷ್ಟು ಬಿಲ್ಲು ಆಗುತ್ತವೆ ಅಂತ ದಿನ ದಿನ ನೋಡಿ ಹೇಳಿ. ಮೊತ್ತ ಬೇಡ, ಬಿಲ್ಲಿನ ಸಂಖ್ಯೆ.

ಕಾಳುಮೆಣಸು

ನೋಡಿದೆ. ಹೆಚ್ಚುಕಡಿಮೆ ದಿನಾ 18ರಿಂದ 20. ಒಂದು ಬಿಲ್ಲಿಗೆ ಸುಮಾರು 210 ರೂಪಾಯಿ. ಶಿವರಾತ್ರಿ ಆಸುಪಾಸು ರಸ್ತೆ ತುಂಬ ಜನ ಇದ್ದ ದಿನ ಕೂಡ 21 ದಾಟಿಲ್ಲ. ಇದು ವಿಚಿತ್ರ ಅನ್ನಿಸಿತು.

ಲೆಕ್ಕದಪುಸ್ತಕ

ಅದರಲ್ಲಿ ವಿಚಿತ್ರ ಇಲ್ಲ. ಬೇರೆ ಗಂಟೆಗಳಲ್ಲಿ ಬಿಲ್ಲಿನ ಸಂಖ್ಯೆ ಒಂದು ದಿನ 5, ಇನ್ನೊಂದು ದಿನ 12 ಅಂತ ಏರಿಳಿಯುತ್ತದೆ, ಗಿರಾಕಿ ಎಷ್ಟು ಬಂದರೋ ಅಷ್ಟು. 6ರಿಂದ 7ಕ್ಕೆ ಮಾತ್ರ ಜನ ಜಾಸ್ತಿ ಇದ್ದರೂ ಕಡಿಮೆ ಇದ್ದರೂ 20ಕ್ಕೇ ನಿಲ್ಲುತ್ತದೆ ಅಂದರೆ, ಅಲ್ಲಿ ವ್ಯಾಪಾರವನ್ನು ತಡೆದಿರುವುದು ನಿಮ್ಮ ಕೈಗಳ ಸಂಖ್ಯೆ. ಚಾಕೊಲೇಟ್ ತೂಗಬೇಕು, ಡಬ್ಬಿಗೆ ಹಾಕಬೇಕು, ಟೇಪ್ ಅಂಟಿಸಬೇಕು, ಮೂರು ನಿಮಿಷಕ್ಕೆ ಒಂದು ಬಿಲ್ಲು. ಹಿಂದೆ ನಿಂತವರು ಎರಡು ನಿಮಿಷ ಕಾದು ಮುಂದಿನ ಅಂಗಡಿಗೆ ಹೋಗುತ್ತಾರೆ. ಅವರು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಗಂಟೆವಾರು ವ್ಯಾಪಾರದ ಪಟ್ಟಿಯ ದೊಡ್ಡ ಕೊರತೆ ಇದೇ, ಮಾರಿದ್ದನ್ನು ತೋರಿಸುತ್ತದೆ, ಮಾರಲು ಆಗದೆ ಹೋದದ್ದನ್ನು ತೋರಿಸುವುದಿಲ್ಲ.

ಕೆಲವು ಸಂಜೆ ಒಂದು ಚೀಟಿ ಇಟ್ಟುಕೊಂಡು, ಒಳಗೆ ಬಂದು ಏನೂ ಕೊಳ್ಳದೆ ಹೋದವರಿಗೆ ಒಂದೊಂದು ಗೀಟು ಹಾಕಿ. ಗಂಟೆಗೆ ಐದು ಬಿಲ್ಲು ಜಾಸ್ತಿ ಆದರೂ 1,050 ರೂಪಾಯಿ ವ್ಯಾಪಾರ. ಲಾಭ 280ರ ಮೇಲೆ. ನಿಮ್ಮ ಬೆಳಗಿನ 80 ಎಲ್ಲಿ, ಇದು ಎಲ್ಲಿ.

ನನ್ನ ಸಲಹೆ ಇದು. ಮೊದಲನೆಯವಳನ್ನು 10ರಿಂದ 7ಕ್ಕೆ ಹಾಕಿ. ಎರಡನೆಯವಳನ್ನು 11ರಿಂದ 8ಕ್ಕೆ ಹಾಕಿ. ಊಟದ ಬಿಡುವು ಒಬ್ಬಳಿಗೆ 1ಕ್ಕೆ, ಇನ್ನೊಬ್ಬಳಿಗೆ 2ಕ್ಕೆ. ಯಾರಿಗೂ ಗಂಟೆ ಜಾಸ್ತಿ ಆಗಿಲ್ಲ, ಸಂಬಳವೂ ಅಷ್ಟೇ. 9ಕ್ಕೆ ನೀವು ತೆರೆದರೆ ಅಂಗಡಿ 9ರಿಂದ 8. ಸಂಜೆ 5ರಿಂದ 7ಕ್ಕೆ ಮೂವರು.

ಸಂತೆಬೀದಿ

ಬಾಡಿಗೆ ಮಾತು ಒಪ್ಪಿದೆ ಸರ್. ಆದರೆ ಅವರು ಒಂದು ಗಂಟೆ ಮೊದಲು ಬಂದು ತೆರೆಯುವುದಕ್ಕೆ ಬೆಲೆ ಇಲ್ವಾ? ಕೆಲಸದವರಿಗೆ 85, ಯಜಮಾನರಿಗೆ ಸೊನ್ನೆನಾ? ಸಣ್ಣ ಅಂಗಡಿಗಳೆಲ್ಲ ಹೀಗೇ ಮೋಸ ಹೋಗುತ್ತವೆ. ಮನೆಯವರ ದುಡಿಮೆಯನ್ನು ಯಾರೂ ಬರೆಯುವುದಿಲ್ಲ.

ಲೆಕ್ಕದಪುಸ್ತಕ

ಸರಿಯಾದ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ಆ ಗಂಟೆಯಲ್ಲಿ ಅವರು ಬೇರೆ ಏನು ಮಾಡುತ್ತಿದ್ದರು ಅನ್ನುವುದರ ಮೇಲೆ ಹೋಗುತ್ತದೆ. ಅವರೇ ಹೇಳಬೇಕು.

ಕಾಳುಮೆಣಸು

ಮಗನನ್ನು ಶಾಲೆಯ ವ್ಯಾನು ಹತ್ತಿಸಿ ಬರುವಾಗ 9 ದಾಟುತ್ತದೆ. ನಿಜ ಹೇಳಬೇಕೆಂದರೆ 9:30 ನನಗೆ ಆಗುವ ಸಮಯ. ಬೆಳಗಿನ ಆ ಹೊತ್ತನ್ನು ಅಂಗಡಿಗೆ ಕೊಡಲು ಮನಸ್ಸಿಲ್ಲ.

ಆದರೆ ಹಾಲಿನ ಗಿರಾಕಿಗಳ ಯೋಚನೆ ಬಿಡುತ್ತಿಲ್ಲ. ಹಾಲಿಗೆ ಬರುವ ಒಬ್ಬರು ಅಜ್ಜಿ ತಿಂಗಳಿಗೊಮ್ಮೆ ಎರಡು ಕೆಜಿ ಕಾಫಿ ಪುಡಿ ಮೈಸೂರಿನ ಮಗಳಿಗೆ ಕಳಿಸಲು ನಮ್ಮಲ್ಲೇ ತೆಗೆದುಕೊಳ್ಳುತ್ತಾರೆ. ಹಾಲು ನಿಂತರೆ ಅದೂ ಹೋಗುತ್ತಾ?

ಬೇಕರಿಅಕ್ಕ

ಹೋಗುತ್ತದೆ. ನಾನು ಹೇಳಿದ್ದು ಅದನ್ನೇ. ಮಧ್ಯಾಹ್ನ ಬನ್ನು ಬೇಕಾದವರು ಎರಡು ಗಂಟೆ ಕಾಯುತ್ತಾರೆ. ಬೆಳಗಿನ ಹಾಲು ಬೇಕಾದವರು ಯಾಕೆ ಕಾಯುತ್ತಾರೆ ಹೇಳಿ. ಸ್ಟವ್ ಮೇಲೆ ನೀರು ಇಟ್ಟು ಬಂದಿರುತ್ತಾರೆ.

ಲೆಕ್ಕದಪುಸ್ತಕ

ಅಕ್ಕ, ಇದು ಬಹಳ ಮುಖ್ಯವಾದ ಮಾತು. ಮುಚ್ಚಿದ ಗಂಟೆಯ ವ್ಯಾಪಾರವೆಲ್ಲ ಹೋಗುವುದೂ ಇಲ್ಲ, ಎಲ್ಲ ಪಕ್ಕದ ಗಂಟೆಗೆ ಸರಿಯುವುದೂ ಇಲ್ಲ. ಪಟ್ಟಿ ನೋಡಿ ಇದನ್ನು ಹೇಳಲು ಆಗುವುದಿಲ್ಲ, ಮಾಡಿಯೇ ನೋಡಬೇಕು. ನೋಡುವಾಗ ಇಡೀ ದಿನದ ಲಾಭ ನೋಡಬೇಕು, ಆ ಒಂದು ಗಂಟೆಯದ್ದಲ್ಲ.

ಇನ್ನೊಂದು ಎಚ್ಚರ. ಮಾರ್ಚ್‌ನಲ್ಲಿ ಹಳೆಯ ಸಮಯ, ಏಪ್ರಿಲ್‌ನಲ್ಲಿ ಹೊಸ ಸಮಯ ಅಂತ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿ ಬೆಂಗಳೂರಿನ ಜನ ಬರುತ್ತಾರೆ, ಹೇಗೂ ವ್ಯಾಪಾರ ಏರುತ್ತದೆ. ಒಂದು ವಾರ ಹಳೆಯದು, ಒಂದು ವಾರ ಹೊಸದು, ಹೀಗೆ ಬದಲಿಸಿ ಬದಲಿಸಿ ನೋಡಿ.

ಮಳೆನಾಡು

ವಾರಕ್ಕೊಂದು ಸಮಯ ಇಟ್ಟರೆ ಗಿರಾಕಿ ಬೈಯುತ್ತಾರೆ ಸರ್. ಬಾಗಿಲು ಹಾಕಿರುವುದನ್ನು ಎರಡು ಸಲ ನೋಡಿದವರು ಮೂರನೇ ಸಲ ಬರುವುದಿಲ್ಲ. ಗೂಗಲ್ ಮ್ಯಾಪಿನಲ್ಲಿ ಒಂದು ಸಮಯ, ಬಾಗಿಲಲ್ಲಿ ಇನ್ನೊಂದು ಅಂದರೆ ಪ್ರವಾಸಿಗರು ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ಪಾಳಿಯನ್ನು ಮಾತ್ರ ವಾರ ವಾರ ಬದಲಿಸಿ ನೋಡಬಹುದು, ಬಾಗಿಲಿನ ಸಮಯ ಬೇಡ.

ಮತ್ತೆ ಜೂನ್ ಬಂದಮೇಲೆ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ. ಮಳೆ ಹಿಡಿದರೆ ರಾಜಾಸೀಟ್‌ನಲ್ಲಿ ಮಂಜು ಬಿಟ್ಟರೆ ಏನಿರುತ್ತದೆ? ಸೂರ್ಯಾಸ್ತವೇ ಇಲ್ಲದಿದ್ದರೆ 6ರಿಂದ 7ರ ಜನ ಎಲ್ಲಿಂದ ಬರಬೇಕು? ಆಗ ಊರಿನವರೇ ಗಿರಾಕಿ. ಶುಕ್ರವಾರ ಸಂತೆಗೆ ಹಳ್ಳಿಯಿಂದ ಬಂದವರು ಮಧ್ಯಾಹ್ನವೇ ವಾಪಸ್ ಹೊರಡುತ್ತಾರೆ. ಮಳೆಗಾಲಕ್ಕೆ ಬೇರೆಯೇ ಪಟ್ಟಿ ಬೇಕು.

ಲೆಕ್ಕದಪುಸ್ತಕ

ಮಳೆಗಾಲದ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಶುಕ್ರವಾರ, ಶನಿವಾರ, ಭಾನುವಾರವನ್ನೂ ಇದರಲ್ಲಿ ಬೆರೆಸಬೇಡಿ. ಶನಿವಾರ ರಾತ್ರಿ 9ರವರೆಗೆ ತೆರೆದು ಆಟೋ ಕೊಟ್ಟರೂ ಲಾಭವೇ ಇರಬಹುದು. ಬಾಗಿಲಿನ ಸಮಯ ಬದಲಿಸಿ ನೋಡುವುದು ಬೇಡ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಆದರೆ ನಿಮ್ಮ ಭಯ ಸುಳ್ಳಲ್ಲ. ಪಾಳಿಯಿಂದ ಶುರು ಮಾಡುವುದು ಒಳ್ಳೆಯದೇ. ಅದರಲ್ಲಿ ಯಾರಿಗೂ ತೊಂದರೆ ಇಲ್ಲ.

ಏಲಕ್ಕಿ

ಈಗ ಪ್ರಶ್ನೆ ಅರ್ಥ ಆಯಿತು, ನನ್ನದೂ ಒಂದು ಸೇರಿಸುತ್ತೇನೆ. ಮಧ್ಯಾಹ್ನ 2ರಿಂದ 4 ಖಾಲಿ ಕೂರುವ ಬದಲು ಕಾಲು ಕೆಜಿ, ಅರ್ಧ ಕೆಜಿ ಚಾಕೊಲೇಟ್ ಡಬ್ಬಿಗಳನ್ನು ತೂಗಿ ಇಟ್ಟುಬಿಡಿ. ಸಂಜೆ ಬಿಲ್ಲು ಮಾಡಿ ಕೊಡುವುದಷ್ಟೇ ಉಳಿಯುತ್ತದೆ. ಆದರೆ ಮೊದಲೇ ಪ್ಯಾಕ್ ಮಾಡಿದ ಮಾಲಿಗೆ ತೂಕ, ಎಂಆರ್‌ಪಿ, ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕ, ನಿಮ್ಮ ವಿಳಾಸ ಇರುವ ಲೇಬಲ್ ಬೇಕು. ಆಹಾರ ಆದ್ದರಿಂದ ಎಫ್‌ಎಸ್‌ಎಸ್‌ಎಐ ನಂಬರೂ ಇರಬೇಕು. ಸುಮ್ನೆ ಡಬ್ಬಿಗೆ ತುಂಬಿ ಇಡಬೇಡಿ.

ಬೇಕರಿಅಕ್ಕ

ಅಥವಾ 2ರಿಂದ 4 ಮುಚ್ಚಿ, ಹುಡುಗಿಯರನ್ನು ಮನೆಗೆ ಕಳಿಸಿ, ಸಂಜೆ ಬರಲು ಹೇಳಿ. ನಮ್ಮಲ್ಲಿ ಹಾಗೇ.

ಲೆಕ್ಕದಪುಸ್ತಕ

ನಿಮ್ಮ ಕೆಲಸದವರ ಮನೆ ಪೇಟೆಯಲ್ಲೇ ಇರಬೇಕು ಅಕ್ಕ. ಇವರ ಒಬ್ಬಳು ಬಸ್ಸಿನಲ್ಲಿ ಬರುವವಳು. ಎರಡು ಗಂಟೆಗೆ ಮನೆಗೆ ಹೋಗಿ ಬರಲು ಆಗುವುದಿಲ್ಲ, ಅಂಗಡಿಯ ಹಿಂದೆ ಸಂಬಳ ಇಲ್ಲದೆ ಕೂರಬೇಕಾಗುತ್ತದೆ. ಹಾಗೆ ಉಳಿಸಿದ ದುಡ್ಡನ್ನು ನಾನು ಉಳಿತಾಯ ಅಂತ ಬರೆಯುವುದಿಲ್ಲ. ಏಲಕ್ಕಿಯವರ ಪ್ಯಾಕಿಂಗ್ ಸಲಹೆ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ.

ಕಾಳುಮೆಣಸು

ಕೆಲವು ವಾರ ನೋಡಿ ಬರೆಯುತ್ತಿದ್ದೇನೆ. ಹುಡುಗಿಯರ ಜೊತೆ ಕೂತು ಮಾತಾಡಿದೆ. 8ಕ್ಕೆ ಮುಗಿಸುವುದು ಎರಡನೆಯವಳಿಗೆ ತುಂಬ ಖುಷಿ. ಮೊದಲನೆಯವಳಿಗೆ 7ರವರೆಗೆ ಇರಲು ಆಗುವುದಿಲ್ಲ, ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ. 6:30ಕ್ಕೆ ಒಪ್ಪಿದಳು. ಹಾಗಾಗಿ ಅವಳದ್ದು 9:30ರಿಂದ 6:30, ಇನ್ನೊಬ್ಬಳದ್ದು 11ರಿಂದ 8. ಬಾಗಿಲು ಸೋಮವಾರದಿಂದ ಗುರುವಾರ 9:30ಕ್ಕೆ ತೆರೆಯುತ್ತೇವೆ, 8ಕ್ಕೆ ಹಾಕುತ್ತೇವೆ. ಬಾಗಿಲಲ್ಲೂ ಗೂಗಲ್ ಮ್ಯಾಪಿನಲ್ಲೂ ಅದೇ ಸಮಯ ಹಾಕಿದೆ. ವಾರದ ಕೊನೆಗೆ ಹಳೆಯ ಸಮಯವೇ.

5ರಿಂದ 6ಕ್ಕೆ ಬಿಲ್ಲುಗಳು ಚೆನ್ನಾಗಿ ಏರಿವೆ. 6ರಿಂದ 7ಕ್ಕೆ 24, 25 ಆಗುತ್ತಿದೆ, 6:30ರ ಆಮೇಲೆ ಮತ್ತೆ ಸಾಲು ನಿಲ್ಲುತ್ತದೆ. ಲೇಬಲ್ ಹಾಕಿದ ಡಬ್ಬಿಗಳು ಇರುವುದರಿಂದ ಮೊದಲಿನಷ್ಟು ಕಷ್ಟ ಇಲ್ಲ. ರಜೆ ಶುರುವಾಗಿದೆ, ಇದರಲ್ಲಿ ಎಷ್ಟು ಪಾಳಿಯದ್ದು, ಎಷ್ಟು ರಜೆಯದ್ದು ಅಂತ ಬಿಡಿಸಿ ಹೇಳಲು ಇನ್ನೂ ಆಗುತ್ತಿಲ್ಲ.

ಹಾಲು ನಿಲ್ಲಿಸಿದೆ. ಅಜ್ಜಿ ಈ ತಿಂಗಳ ಕಾಫಿ ಪುಡಿಗೆ ಇನ್ನೂ ಬಂದಿಲ್ಲ.

ಮಳೆನಾಡು

ಅಜ್ಜಿಯ ಮನೆಗೆ ನೀವೇ ಒಂದು ಸಲ ಹೋಗಿ ಬನ್ನಿ ಅಕ್ಕ. ಪುಡಿ ಮನೆಗೇ ಕಳಿಸುತ್ತೇವೆ ಅಂತ ಹೇಳಿ. ಹಾಗೇ ಜೂನ್‌ಗೆ ಮೊದಲು ಕಳೆದ ವರ್ಷದ ಮಳೆಗಾಲದ ಬಿಲ್ಲುಗಳನ್ನೂ ತೆಗೆದು ಇಲ್ಲಿ ಹಾಕಿ, ಒಟ್ಟಿಗೆ ಕೂತು ನೋಡೋಣ.